ಲೇಬಲ್ಲು ಜರ್ಮನ್, ಗಿರಣಿ ಜರ್ಮನಿಯದಲ್ಲ: ಮೂಲ ದೇಶ ಗುರುತಿಸುವಲ್ಲಿ ಆಗುವ ಒಂದು ತಪ್ಪು, ಅದನ್ನು ಹಿಡಿಯುವ ಬಗೆ

ದೋಷ ಹೀಗೆ ಕಾಣಿಸಿಕೊಂಡಿತು. ಮೈಸೂರಿನ ಶಿವರಾಂಪೇಟೆಯ ನನ್ನ ಹಳೆ ಸಾಮಾನಿನ ಅಂಗಡಿಯಿಂದ ಬೆಂಗಳೂರಿಗೆ ಹೋದ ಒಂದು ಮರದ ಕಾಫಿ ಗಿರಣಿ ಹದಿನೈದು ದಿನದಲ್ಲಿ ವಾಪಸು ಬಂತು. ಗಿರಣಿಗೆ ಏನೂ ಆಗಿರಲಿಲ್ಲ, ಹಿಡಿ ತಿರುಗುತ್ತಿತ್ತು, ಹುರಿದ ಬೀಜ ಸಲೀಸಾಗಿ ಪುಡಿಯಾಗುತ್ತಿತ್ತು. ಕೆಟ್ಟಿದ್ದು ನನ್ನ ರಿಜಿಸ್ಟರಿನ ಒಂದು ಪದ. ‘ಮೂಲ’ ಎಂಬ ಅಂಕಣದಲ್ಲಿ ನಾನು ‘ಜರ್ಮನಿ’ ಎಂದು ಬರೆದಿದ್ದೆ. ಕೊಂಡವರು ಜರ್ಮನಿಯ ಅಡುಗೆಮನೆ ಸಾಮಾನುಗಳನ್ನಷ್ಟೇ ಕೂಡಿಡುವವರು. ಅವರ ಪತ್ರದಲ್ಲಿ ಒಂದೇ ಪ್ರಶ್ನೆ: “ಸ್ವಾಮಿ, ಇದು ಜರ್ಮನಿಯದು ಎಂದು ಯಾವ ಆಧಾರದ ಮೇಲೆ ಬರೆದಿರಿ?”

ಆಧಾರ ನನಗೆ ಚೆನ್ನಾಗಿಯೇ ನೆನಪಿತ್ತು. ಪುಡಿ ಬೀಳುವ ಡ್ರಾಯರಿನ ಮುಂಭಾಗದಲ್ಲಿ ಬೆಂಕಿಪೊಟ್ಟಣದ ಎರಡರಷ್ಟು ಅಗಲದ ಕಾಗದದ ಲೇಬಲ್ಲು ಅಂಟಿಕೊಂಡಿತ್ತು. ಅದರ ಮೇಲಿದ್ದದ್ದು ಜರ್ಮನ್ ಭಾಷೆ. ಭಾಷೆ ಜರ್ಮನ್ ಆದ್ದರಿಂದ ದೇಶ ಜರ್ಮನಿ. ಅಷ್ಟೇ ನನ್ನ ತರ್ಕ. ಬರೆಯುವಾಗ ಅದು ತರ್ಕ ಎಂದೂ ಅನ್ನಿಸಿರಲಿಲ್ಲ, ಕಣ್ಣಿಗೆ ಕಂಡ ಸತ್ಯ ಎಂದೇ ಅನ್ನಿಸಿತ್ತು.

ಈ ತಪ್ಪು ಎಲ್ಲಿಂದ ಬರುತ್ತದೆ ಎಂದು ತಿಳಿಯಲು ಯುರೋಪಿಗೆ ಹೋಗಬೇಕಾಗಿಲ್ಲ. 1950ರ ಒಂದು ಕನ್ನಡ ಲೇಬಲ್ಲು ಕೈಗೆ ಸಿಕ್ಕಿತು ಎಂದುಕೊಳ್ಳಿ. ಅದು ಎಲ್ಲಿಯದು? ಧಾರವಾಡದ್ದಾದರೆ ಆಗಿನ ಮುಂಬಯಿ ರಾಜ್ಯದ್ದು, ಮಂಗಳೂರಿನದಾದರೆ ಮದರಾಸಿನದು, ಕಲಬುರಗಿಯದಾದರೆ ಹೈದರಾಬಾದಿನದು, ಮಡಿಕೇರಿಯದಾದರೆ ಕೊಡಗಿನದು. ನಮ್ಮ ಮಂಡ್ಯದ್ದಾದರೆ ಮಾತ್ರ ಮೈಸೂರಿನದು. ಭಾಷೆ ಒಂದು, ಆಡಳಿತ ಐದು. ಇಂದಿಗೂ ಮಂಡ್ಯದ ಅದೆಷ್ಟೋ ಮನೆಗಳಲ್ಲಿ ತೂಗುವ ಕನ್ನಡ ಕ್ಯಾಲೆಂಡರು ಅಚ್ಚಾಗುವುದು ತಮಿಳುನಾಡಿನ ಶಿವಕಾಶಿಯಲ್ಲಿ. ಲೇಬಲ್ಲಿನ ಭಾಷೆ ಅದನ್ನು ಓದಬೇಕಾದವನು ಯಾರು ಎಂದು ಹೇಳುತ್ತದೆ. ಮಾಡಿದವನು ಎಲ್ಲಿದ್ದ ಎಂದು ಹೇಳುವುದಿಲ್ಲ. ಕನ್ನಡದ ವಿಷಯದಲ್ಲಿ ಇದು ನಮಗೆ ಹೇಳದೆಯೇ ಗೊತ್ತು. ಜರ್ಮನ್ ಎದುರಾದೊಡನೆ ಮರೆತುಹೋಗುತ್ತದೆ, ಏಕೆಂದರೆ ಅಲ್ಲಿ ದೇಶದ ಹೆಸರೂ ಭಾಷೆಯ ಹೆಸರೂ ಒಂದೇ ಎರಕದಿಂದ ಬಂದಂತಿವೆ. ಜರ್ಮನಿಯಲ್ಲಿ ಮಾತ್ರವಲ್ಲ, ಆಸ್ಟ್ರಿಯಾದಲ್ಲಿ, ಸ್ವಿಟ್ಜರ್ಲೆಂಡಿನ ಬಹುಪಾಲಿನಲ್ಲಿ, 1918ರವರೆಗೆ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಎಷ್ಟೋ ಪಟ್ಟಣಗಳ ಕಾರ್ಖಾನೆಗಳಲ್ಲಿ ವ್ಯವಹಾರದ ಭಾಷೆ ಜರ್ಮನ್ ಆಗಿತ್ತು.

ವಾಪಸು ಬಂದ ಗಿರಣಿಯನ್ನು ಮೇಜಿನ ಮೇಲಿಟ್ಟು ಮೊದಲಿನಿಂದ ಶುರುಮಾಡಿದೆ. ಅದೇ ಕ್ರಮದಲ್ಲಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪೂರ್ತಿ ಓದಿ

ಮೊದಲ ಸಲ ನಾನು ಓದಿದ್ದು ಸುಲಭವಾಗಿ ಕಂಡ ಮೂರು ತುಣುಕುಗಳನ್ನು ಮಾತ್ರ: ಮೇಲ್ಗಡೆ ‘ಕಾಫೆಮ್ಯೂಲೆ’, ಅಂದರೆ ಕಾಫಿ ಗಿರಣಿ, ಅದರ ಕೆಳಗೆ ‘ಗೆಸ್. ಗೆಶ್.’ ಎಂಬ ಸಂಕ್ಷೇಪ. ಒಂದು ಮೂಲೆಯಲ್ಲಿ ‘ಸ್ಟ್ರಾಸೆ 14’ ಎಂಬ ಬೀದಿಯ ಬಾಲ. ಉಳಿದದ್ದೆಲ್ಲ ಕಾಫಿಯ ಎಣ್ಣೆ ಕುಡಿದು ಕಂದುಗಟ್ಟಿತ್ತು.

ಇಂಥ ಲೇಬಲ್ಲಿಗೆ ನೀರು ಮುಟ್ಟಿಸಬಾರದು. ಹಳೆಯ ಅಂಟು ನೀರಿಗೆ ಬಿಡುತ್ತದೆ, ಬಣ್ಣವೂ ಹರಿಯಬಹುದು. ಒಣ ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆದು, ಕೋಣೆ ಕತ್ತಲು ಮಾಡಿ, ಟಾರ್ಚನ್ನು ಲೇಬಲ್ಲಿನ ಮಟ್ಟಕ್ಕೇ ಅಡ್ಡಲಾಗಿ ಹಿಡಿಯಬೇಕು. ಹಳೆಯ ಮುದ್ರಣದಲ್ಲಿ ಅಚ್ಚುಮೊಳೆ ಕಾಗದವನ್ನು ಒತ್ತಿರುತ್ತದೆ. ಶಾಯಿ ಕಾಣದಿದ್ದರೂ ಒತ್ತಿದ ಗುಳಿಯಲ್ಲಿ ನೆರಳು ನಿಲ್ಲುತ್ತದೆ. ನಾಲ್ಕು ದಿಕ್ಕಿನಿಂದಲೂ ಬೆಳಕು ಬಿಟ್ಟು ಮೊಬೈಲಿನಲ್ಲಿ ನಾಲ್ಕು ಚಿತ್ರ ತೆಗೆದು, ಅವನ್ನು ದೊಡ್ಡದು ಮಾಡಿ ನೋಡಿದರೆ ಒಂದರಲ್ಲಿ ಕಾಣದ್ದು ಇನ್ನೊಂದರಲ್ಲಿ ಸಿಗುತ್ತದೆ. ನನಗೆ ಹೀಗೆ ಸಿಕ್ಕಿದ್ದು ಇನ್ನೂ ಮೂರು ಸಾಲು. ಅವುಗಳ ಮಾತು ಮುಂದೆ ಬರುತ್ತದೆ.

ಎಲ್ಲರೂ ಬಳಸುವ ಪದಗಳನ್ನು ಪಕ್ಕಕ್ಕಿಡಿ

‘ಗೆಸ್. ಗೆಶ್.’ ಎಂಬುದರ ಪೂರ್ಣ ರೂಪ ‘ಗೆಜೆಟ್ಸ್‌ಲಿಖ್ ಗೆಶ್ಯುಟ್ಸ್ಟ್’, ಕಾನೂನಿನ ರಕ್ಷಣೆ ಪಡೆದದ್ದು ಎಂದರ್ಥ. ಯಾವ ದೇಶದ ಕಾನೂನು ಎಂದು ಅದು ಹೇಳುವುದಿಲ್ಲ. ಜರ್ಮನಿಯವರೂ ಆಸ್ಟ್ರಿಯಾದವರೂ ಅದನ್ನು ಧಾರಾಳವಾಗಿ ಹಾಕಿದ್ದಾರೆ. ನಾನು ಮೊದಲ ಸಲ ಇದನ್ನೇ ದೊಡ್ಡ ಸಾಕ್ಷಿ ಎಂದು ಎಣಿಸಿದ್ದೆ.

ಗಿರಣಿಯ ಮೇಲಿನ ಹಿತ್ತಾಳೆ ಬಟ್ಟಲಿನ ಅಂಚಿನಲ್ಲಿ ‘ಡೆಪೋಜೆ’ ಎಂದು ಒತ್ತಿದ್ದಾರೆ. ಇದು ಫ್ರೆಂಚ್, ‘ನೋಂದಾಯಿಸಿದೆ’ ಎಂಬರ್ಥ. ಭಾಷೆಯನ್ನೇ ನಂಬುವವರು ಇಲ್ಲಿ ಕಕ್ಕಾಬಿಕ್ಕಿಯಾಗಬೇಕು: ಡ್ರಾಯರು ಜರ್ಮನಿಯದು, ಬಟ್ಟಲು ಫ್ರಾನ್ಸಿನದು ಎನ್ನುವುದೇ? ಹಾಗೇನಿಲ್ಲ. ಆ ಕಾಲದಲ್ಲಿ ಫ್ರೆಂಚ್ ಅಂತರರಾಷ್ಟ್ರೀಯ ವ್ಯಾಪಾರದ ಭಾಷೆಯೂ ಆಗಿತ್ತು. ಹೊರದೇಶಕ್ಕೆ ಮಾರುವ ಆಸೆಯಿದ್ದ ಜರ್ಮನ್, ಆಸ್ಟ್ರಿಯನ್ ತಯಾರಕರೂ ಈ ಪದವನ್ನು ಒತ್ತುತ್ತಿದ್ದರು. ಆದ್ದರಿಂದ ಇದನ್ನೂ ಪಕ್ಕಕ್ಕಿಟ್ಟೆ.

ಮೂರನೆಯದು ‘ಸ್ಟ್ರಾಸೆ’, ಬೀದಿ. ಇದರಲ್ಲಿ ನಾನು ಅರ್ಧ ದಿನ ಸಿಕ್ಕಿಕೊಂಡೆ. ಜರ್ಮನ್ ಬರವಣಿಗೆಯಲ್ಲಿ ಇಂಗ್ಲಿಷಿನ ದೊಡ್ಡ ಬಿ ಅಕ್ಷರಕ್ಕೆ ಬಾಲ ಬಂದಂತೆ ಕಾಣುವ ‘ಎಸ್‌ಸೆಟ್’ ಎಂಬ ಅಕ್ಷರವೊಂದಿದೆ. ಜರ್ಮನಿ ಮತ್ತು ಆಸ್ಟ್ರಿಯಾದವರು ಬೀದಿ ಎಂಬ ಪದದಲ್ಲಿ ಅದನ್ನು ಬಳಸುತ್ತಾರೆ. ಸ್ವಿಟ್ಜರ್ಲೆಂಡಿನವರು ಅದನ್ನು ಕೈಬಿಟ್ಟು ಎರಡು ಎಸ್ ಬರೆಯುತ್ತಾರೆ. ನನ್ನ ಲೇಬಲ್ಲಿನಲ್ಲಿ ಇದ್ದದ್ದು ಎರಡು ಎಸ್. ಹಾಗಾದರೆ ಸ್ವಿಟ್ಜರ್ಲೆಂಡ್! ನಂಬಲು ಮನಸ್ಸೂ ಸಿದ್ಧವಿತ್ತು. ನಮ್ಮ ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ 1912ರಲ್ಲಿ ಆರಂಭವಾದದ್ದೇ ಸ್ವಿಟ್ಜರ್ಲೆಂಡಿನಿಂದ ತರಿಸಿದ ಮಗ್ಗಗಳಿಂದ. ಅದರ ಜೊತೆಗೇ ಒಂದು ಗಿರಣಿಯೂ ಬಂದಿರಬಾರದೇಕೆ ಎಂದು ಕಥೆ ಕಟ್ಟಿಕೊಂಡೆ.

ಕಥೆ ಬಿದ್ದದ್ದು ಒಂದು ಸಣ್ಣ ಸಂಗತಿಯಿಂದ. ಲೇಬಲ್ಲಿನ ಆ ಸಾಲು ಪೂರ್ತಿ ದೊಡ್ಡಕ್ಷರಗಳಲ್ಲಿದೆ. ಎಸ್‌ಸೆಟ್‌ಗೆ ಅಧಿಕೃತ ದೊಡ್ಡಕ್ಷರ ಬಂದದ್ದು 2017ರಲ್ಲಿ. ಅಲ್ಲಿಯವರೆಗೆ ದೊಡ್ಡಕ್ಷರಗಳಲ್ಲಿ ಬರೆಯುವಾಗ ಜರ್ಮನಿಯವರೂ ಸಾಮಾನ್ಯವಾಗಿ ಎರಡು ಎಸ್ಸನ್ನೇ ಹಾಕುತ್ತಿದ್ದರು. ಅಂದರೆ ಈ ಸಾಕ್ಷಿ ಸಣ್ಣಕ್ಷರದ ಬರಹದಲ್ಲಿ ಮಾತ್ರ ಮಾತಾಡುತ್ತದೆ. ಅಲ್ಲಿಯೂ ಹಳೆಯ ವಸ್ತುವಾದರೆ ಎಚ್ಚರ ಬೇಕು. ಸ್ವಿಟ್ಜರ್ಲೆಂಡಿನವರು ಆ ಅಕ್ಷರವನ್ನು ಒಂದೇ ದಿನ ಬಿಟ್ಟವರಲ್ಲ. ಜ್ಯೂರಿಕ್ ಶಾಲೆಗಳು ಅದನ್ನು ಕಲಿಸುವುದನ್ನು ನಿಲ್ಲಿಸಿದ್ದೇ 1930ರ ದಶಕದ ಕೊನೆಯಲ್ಲಿ.

ಒಂದು ಸರ್ಕಾರಕ್ಕೆ ಮಾತ್ರ ಸೇರಿದ್ದನ್ನು ಹುಡುಕಿ

ಭಾಷೆ ಗಡಿ ದಾಟುತ್ತದೆ. ನಾಣ್ಯ, ಪೇಟೆಂಟು, ರಾಜನ ಬಿರುದು ಅಷ್ಟು ಸುಲಭವಾಗಿ ದಾಟುವುದಿಲ್ಲ. ಲೇಬಲ್ಲಿನಲ್ಲಿ ಹುಡುಕಬೇಕಾದ್ದು ಇವುಗಳನ್ನು.

ಬೆಂಗಳೂರಿನವರು ಹುಡುಕಿದ್ದೂ ಇಂಥದ್ದನ್ನೇ. ‘ಡಿ.ಆರ್.ಜಿ.ಎಂ.’ ಎಂಬ ನಾಲ್ಕಕ್ಷರ ಜರ್ಮನ್ ಸಾಮ್ರಾಜ್ಯದ ಕಚೇರಿಯಲ್ಲಿ ವಸ್ತುವಿನ ಬಳಕೆಯ ಮಾದರಿ ನೋಂದಣಿಯಾಗಿದೆ ಎಂಬುದರ ಗುರುತು, 1891ರಿಂದ ಬಳಕೆಗೆ ಬಂದದ್ದು. ಅದು ಇಲ್ಲಿಲ್ಲ. ಇಲ್ಲದ್ದರಿಂದ ಜರ್ಮನಿಯದಲ್ಲ ಎಂದು ಅವರು ತೀರ್ಮಾನಿಸಿದ್ದರು. ತೀರ್ಮಾನ ಸರಿಯಾಗಿಯೇ ಇತ್ತು, ದಾರಿ ಮಾತ್ರ ನನ್ನದರಷ್ಟೇ ಸಡಿಲ. ಎಲ್ಲ ವಸ್ತುಗಳೂ ನೋಂದಣಿಯಾಗುತ್ತಿರಲಿಲ್ಲ. ಹೊರದೇಶದ ತಯಾರಕನೂ ಜರ್ಮನಿಯಲ್ಲಿ ನೋಂದಾಯಿಸಬಹುದಿತ್ತು. ಹಾಗಾಗಿ ಆ ಗುರುತು ಇದ್ದರೆ ‘ಜರ್ಮನಿಯಲ್ಲಿ ನೋಂದಣಿಯಾಗಿದೆ’ ಎಂದಷ್ಟೇ ಬರೆಯಬೇಕು, ಇಲ್ಲದಿದ್ದರೆ ಏನನ್ನೂ ಬರೆಯಬಾರದು.

ನನಗೆ ಗಟ್ಟಿಯಾದದ್ದು ಸಿಕ್ಕಿದ್ದು ಡ್ರಾಯರಿನ ತಳದಲ್ಲಿ. ಮಗುಚಿ ನೋಡಿದಾಗ ಮರದ ಮೇಲೆ ಸೀಸದ ಕಡ್ಡಿಯಲ್ಲಿ ಅಂಗಡಿಯವನು ಬರೆದ ಬೆಲೆ ಕಂಡಿತು: 4 ಎಂಬ ಅಂಕಿಯ ಮುಂದೆ ‘ಕೆ’, 80 ಎಂಬುದರ ಮುಂದೆ ಸಣ್ಣ ‘ಎಚ್’. ಜರ್ಮನಿಯ ಬೆಲೆಯಾಗಿದ್ದರೆ ಮಾರ್ಕ್ ಮತ್ತು ಫೆನಿಗ್ ಇರಬೇಕಿತ್ತು, ಸ್ವಿಟ್ಜರ್ಲೆಂಡಿನದಾಗಿದ್ದರೆ ಫ್ರಾಂಕ್ ಮತ್ತು ರಾಪೆನ್. ಇದು ಕ್ರೋನೆ ಮತ್ತು ಹೆಲ್ಲರ್. ಆಸ್ಟ್ರಿಯಾ-ಹಂಗೇರಿಯಲ್ಲಿ 1892ರಲ್ಲಿ ಜಾರಿಗೆ ಬಂದ ನಾಣ್ಯ ಪದ್ಧತಿ ಅದು, ನೂರು ಹೆಲ್ಲರಿಗೆ ಒಂದು ಕ್ರೋನೆ. ಅದಕ್ಕೂ ಮೊದಲು ಅಲ್ಲಿದ್ದದ್ದು ಗುಲ್ಡೆನ್. ಆಗ ಒಂದೇ ಏಟಿಗೆ ದೇಶವೂ ಸಿಕ್ಕಿತು, ಕಾಲದ ಒಂದು ತುದಿಯೂ ಸಿಕ್ಕಿತು.

ಇಲ್ಲಿ ಜೋಡಿಯಾಗಿ ಓದುವುದು ಮುಖ್ಯ. ಬರೀ ‘ಕೆ’ ಇದ್ದರೆ ಸ್ಕ್ಯಾಂಡಿನೇವಿಯಾದ ಕ್ರೋನಾ ಇರಬಹುದಿತ್ತು. ಬರೀ ‘ಹೆಲ್ಲರ್’ ಇದ್ದರೆ, ಕೇಳಿದರೆ ನಗು ಬರುತ್ತದೆ, ಜರ್ಮನ್ ಪೂರ್ವ ಆಫ್ರಿಕಾ ಕೂಡ ಇರಬಹುದಿತ್ತು. ಆ ವಸಾಹತಿನಲ್ಲಿ 1904ರಿಂದ ನೂರು ಹೆಲ್ಲರಿಗೆ ಒಂದು ರೂಪಾಯಿ! ನಮ್ಮ ರೂಪಾಯಿಯನ್ನೇ ನೋಡಿ ಹೊಂದಿಸಿಕೊಂಡ ರೂಪಾಯಿ. ಕ್ರೋನೆಯೂ ಹೆಲ್ಲರೂ ಒಟ್ಟಿಗೆ ಕಂಡಾಗ ಆ ಅನುಮಾನಗಳು ಉಳಿಯಲಿಲ್ಲ.

ಆದರೆ ಬೆಲೆ ಹೇಳುವುದು ಮಾರಿದ ದೇಶವನ್ನು, ಮಾಡಿದ ದೇಶವನ್ನಲ್ಲ. ಜರ್ಮನಿಯಲ್ಲಿ ಮಾಡಿದ ಗಿರಣಿಯನ್ನು ಗಡಿಯಾಚೆಯ ಅಂಗಡಿಯವನು ಕ್ರೋನೆಯಲ್ಲಿ ಮಾರಲು ಏನು ಅಡ್ಡಿ? ಆಗ ಮತ್ತೆ ಟಾರ್ಚಿನ ಬೆಳಕಿನಲ್ಲಿ ಕಂಡ ಮೂರು ಸಾಲಿಗೆ ಬಂದೆ.

ಮೊದಲ ಸಾಲು ‘ಕೆ. ಕೆ. ಪ್ರಿವ್.’ ಇದು ‘ಚಕ್ರವರ್ತಿ ಮತ್ತು ಅರಸರಿಂದ ಪರವಾನಗಿ ಪಡೆದ’ ಎಂಬುದರ ಸಂಕ್ಷೇಪ. ಆಸ್ಟ್ರಿಯಾದ ಚಕ್ರವರ್ತಿಯೇ ಅರಸನೂ ಆಗಿದ್ದುದರಿಂದ ಎರಡು ಕೆ. 1867ರಲ್ಲಿ ಸಾಮ್ರಾಜ್ಯ ಎರಡು ಹೋಳಾಗಿ ಆಡಳಿತ ಬೇರೆಯಾದ ಮೇಲೆ ಇದು ಆಸ್ಟ್ರಿಯಾದ ಹೋಳಿನ ಗುರುತಾಗಿ ಉಳಿಯಿತು. ‘ಮೈಸೂರು ಮಹಾರಾಜರ ಅಪ್ಪಣೆ ಪಡೆದ’ ಎಂದು ಒಂದು ಡಬ್ಬಿಯ ಮೇಲಿದ್ದರೆ ಅದನ್ನು ನಾವು ಹೈದರಾಬಾದಿಗೆ ಹೊರಿಸುವುದಿಲ್ಲವಲ್ಲ, ಇದೂ ಹಾಗೆಯೇ.

ಎರಡನೆಯ ಸಾಲು ನನ್ನನ್ನು ಚೆನ್ನಾಗಿ ಆಟವಾಡಿಸಿತು: ‘ಫಾಬ್ರಿಕ್ಸ್-ನೀಡರ್‌ಲಾಗೆ: ವೀನ್’. ವೀನ್ ಎಂದರೆ ವಿಯೆನ್ನಾ, ಅದು ಗೊತ್ತಿತ್ತು. ನೀಡರ್‌ಲಾಗೆ ಎಂಬುದನ್ನು ನಿಘಂಟಿನಲ್ಲಿ ನೋಡಿದರೆ ಮೊದಲ ಅರ್ಥ ‘ಸೋಲು’! ಕಾರ್ಖಾನೆಯ ಸೋಲು, ವಿಯೆನ್ನಾ. ಯಾವ ವ್ಯಾಪಾರಿ ತನ್ನ ಸೋಲನ್ನು ಡ್ರಾಯರಿನ ಮೇಲೆ ಅಂಟಿಸಿಯಾನು? ಅದೇ ಪದಕ್ಕೆ ಹಳೆಯ ವ್ಯಾಪಾರದ ಅರ್ಥವೊಂದಿದೆ: ಮಾಲು ಇಳಿಸಿಟ್ಟು ಮಾರುವ ಮಳಿಗೆ, ನಮ್ಮ ಮಾತಿನಲ್ಲಿ ಡಿಪೋ. ಹಾಗಾಗಿ ವಿಯೆನ್ನಾ ಕಾರ್ಖಾನೆಯ ಊರಲ್ಲ, ಮಾರಾಟದ ಊರು. ಲೇಬಲ್ಲಿನಲ್ಲಿ ಊರಿನ ಹೆಸರು ಸಿಕ್ಕಿತೆಂದು ಕುಣಿಯುವ ಮೊದಲು ಆ ಊರಿನ ಹಿಂದೆ ಯಾವ ಪದ ನಿಂತಿದೆ ಎಂದು ನೋಡಬೇಕು. ಮಳಿಗೆ, ಏಜೆಂಟು, ಮುದ್ರಕ ಎಲ್ಲರಿಗೂ ಒಂದೊಂದು ಊರು ಇರುತ್ತದೆ. ಅಂದಹಾಗೆ ‘ಫಾಬ್ರಿಕ್’ ಪದದ ಮುಂದೆ ಜೋಡಣೆಗೆ ಬಂದಿರುವ ಎಸ್ ಕೂಡ ಆಸ್ಟ್ರಿಯಾದ ಕಡೆಯ ವಾಡಿಕೆ. ಇಂದಿನ ಜರ್ಮನಿಯವರು ಅದನ್ನು ಸೇರಿಸುವುದಿಲ್ಲ. ಹಳೆಯ ಜರ್ಮನ್ ಬರಹದಲ್ಲೂ ಅದು ಕಾಣುವುದುಂಟು, ಆದ್ದರಿಂದ ತೂಕಕ್ಕೆ ಹಾಕಬಹುದು, ತೀರ್ಪಿಗೆ ಸಾಲದು.

ಮೂರನೆಯ ಸಾಲಿನಲ್ಲಿ ‘ಫಾಬ್ರಿಕ್:’ ಎಂದಿದೆ, ಕಾರ್ಖಾನೆ. ಅದರ ಮುಂದೆ ಊರಿನ ಹೆಸರಿನ ಮೊದಲೆರಡು ಅಕ್ಷರ ಬಿ, ಆರ್. ಕೊನೆಯೆರಡು ಎನ್, ಎನ್. ನಡುವಿನ ಅಕ್ಷರವನ್ನು ಹುಳು ತಿಂದಿದೆ.

ಎರಡು ಚುಕ್ಕೆ

ಆ ತೂತಿನಲ್ಲಿ ಯು ಅಕ್ಷರವೇ ಇರಬೇಕು ಎಂದು ಭೂಪಟ ನೋಡಿದರೆ ಗೊತ್ತಾಗುತ್ತದೆ. ತೊಡಕು ಏನೆಂದರೆ ಅಂಥ ಹೆಸರು ಎರಡಿವೆ. ಚುಕ್ಕೆಯಿಲ್ಲದ ಯು ಆದರೆ ಬ್ರುನ್, ವಿಯೆನ್ನಾದ ಪಕ್ಕದ ಊರು, ಇಂದಿಗೂ ಆಸ್ಟ್ರಿಯಾದಲ್ಲಿದೆ. ತಲೆಯ ಮೇಲೆ ಎರಡು ಚುಕ್ಕೆಯಿರುವ ಯು ಆದರೆ ಬ್ರ್ಯುನ್, ಮೊರಾವಿಯಾದ ದೊಡ್ಡ ಕೈಗಾರಿಕಾ ಪಟ್ಟಣ. ಅಲ್ಲಿನ ಜರ್ಮನ್ ಮಾತಿನವರಿಗೆ ಬ್ರ್ಯುನ್, ಚೆಕ್ ಮಾತಿನವರಿಗೆ ಬ್ರನೊ. ಈಗ ಅದು ಚೆಕ್ ಗಣರಾಜ್ಯದಲ್ಲಿದೆ.

ಹುಳು ಅಕ್ಷರವನ್ನು ತಿಂದಿತ್ತು, ಅದರ ತಲೆಯ ಮೇಲಿನ ಜಾಗವನ್ನು ಪೂರ್ತಿ ತಿಂದಿರಲಿಲ್ಲ. ಟಾರ್ಚನ್ನು ಎಡದಿಂದ ಹಿಡಿದು ತೆಗೆದ ಚಿತ್ರದಲ್ಲಿ ತೂತಿನ ಮೇಲಂಚಿಗೆ ತಾಗಿಕೊಂಡು ಸಾಸಿವೆಯ ಕಾಲುಭಾಗದಷ್ಟು ಎರಡು ಗುಳಿ ಕಂಡವು. ಅಕ್ಕಪಕ್ಕ, ಒಂದೇ ಮಟ್ಟದಲ್ಲಿ, ಒಂದೇ ಆಳ. ಹುಳು ಕೊರೆದ ತೂತಾದರೆ ಅಂಚು ಹರಿದಿರುತ್ತದೆ, ಆಚೆ ಮರ ಕಾಣುತ್ತದೆ. ಇಲ್ಲಿ ಕಾಗದ ಹರಿದಿರಲಿಲ್ಲ, ಒಳಕ್ಕೆ ತಗ್ಗಿತ್ತು ಅಷ್ಟೇ. ಬಲದಿಂದ ಬೆಳಕು ಬಿಟ್ಟಾಗ ನೆರಳು ಆಚೆ ಬದಿಗೆ ಸರಿಯಿತು, ಗುಳಿಗಳು ಇದ್ದಲ್ಲೇ ಇದ್ದವು. ಚುಕ್ಕೆಗಳೇ.

ಹೀಗೆ ಜರ್ಮನ್ ಮಾತಾಡುವ ಗಿರಣಿ ಕಡೆಗೆ ಹೋಗಿ ನಿಂತದ್ದು ಇಂದು ಚೆಕ್ ಮಾತಾಡುವ ಊರಿನಲ್ಲಿ. ದಾರಿಯಲ್ಲಿ ಜರ್ಮನಿ ಎಂಬ ದೇಶ ಸಿಗಲೇ ಇಲ್ಲ.

ಊರಿನ ಹಳೆಯ ಜರ್ಮನ್ ಹೆಸರುಗಳು ಹೀಗೆ ಬಹಳ ಮಂದಿಯನ್ನು ಬೀಳಿಸುತ್ತವೆ. ರೈಖೆನ್‌ಬೆರ್ಗ್ ಇಂದಿನ ಚೆಕ್ ಊರು ಲಿಬೆರೆಟ್ಸ್. ಪ್ರೆಸ್‌ಬುರ್ಗ್ ಇಂದಿನ ಸ್ಲೊವಾಕಿಯಾದ ರಾಜಧಾನಿ ಬ್ರಾಟಿಸ್ಲಾವಾ. ಲೆಂಬೆರ್ಗ್ ಉಕ್ರೇನಿನ ಲ್ವಿವ್. ಮರ್ಕಾರ ಎಂದರೆ ಮಡಿಕೇರಿ ಎಂದು ತಿಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ವರ್ಷವಿಲ್ಲದೆ ದೇಶವಿಲ್ಲ

ಹಾಗಾದರೆ ‘ಮೂಲ’ ಅಂಕಣದಲ್ಲಿ ‘ಚೆಕ್ ಗಣರಾಜ್ಯ’ ಎಂದು ಬರೆಯುವುದೇ? ಆ ದೇಶ ಆಗ ಇರಲಿಲ್ಲ. 1918ರ ಅಕ್ಟೋಬರಿನಲ್ಲಿ ಚೆಕೊಸ್ಲೊವಾಕಿಯಾ ಹುಟ್ಟುವವರೆಗೆ ಬ್ರ್ಯುನ್ ಆಸ್ಟ್ರಿಯಾ-ಹಂಗೇರಿಗೆ ಸೇರಿತ್ತು. ‘ಆಸ್ಟ್ರಿಯಾ’ ಎಂದು ಬರೆದರೆ ಓದಿದವರು ಇಂದಿನ ಪುಟ್ಟ ಆಸ್ಟ್ರಿಯಾ ಎಂದುಕೊಳ್ಳುತ್ತಾರೆ. ಇದೇ ಗೋಜಲು ನಮ್ಮಲ್ಲಿಯೂ ಇದೆ. ‘ಮೈಸೂರು ರಾಜ್ಯ’ ಎಂದು ಅಚ್ಚಾದ ಪೆಟ್ಟಿಗೆ ಕಂಡರೆ ಹೆಚ್ಚಿನವರು ಅರಸರ ಕಾಲಕ್ಕೆ ಒಯ್ಯುತ್ತಾರೆ. 1956ರಿಂದ 1973ರ ನವೆಂಬರ್ 1ರವರೆಗೆ ಹುಬ್ಬಳ್ಳಿಯೂ ಬೀದರವೂ ಮೈಸೂರು ರಾಜ್ಯವೇ ಆಗಿದ್ದವು.

ಆದ್ದರಿಂದ ನಾನು ಈಗ ಎರಡು ಅಂಕಣ ಮಾಡಿಕೊಂಡಿದ್ದೇನೆ: ಅಂದಿನ ದೇಶ, ಇಂದಿನ ದೇಶ. ಜೊತೆಗೆ ಕಾಲದ ಎರಡು ತುದಿ. ಈ ಗಿರಣಿಗೆ ಕೆಳತುದಿ 1892, ಕ್ರೋನೆಯಿಂದ ಬಂದದ್ದು. ಮೇಲ್ತುದಿ 1918, ಚಕ್ರವರ್ತಿಯ ಬಿರುದಿನಿಂದ ಬಂದದ್ದು. ಮೇಲ್ತುದಿ ಸ್ವಲ್ಪ ಮೆತ್ತಗಿದೆ ಎಂದೂ ಬರೆದಿಟ್ಟಿದ್ದೇನೆ, ಏಕೆಂದರೆ ಚಕ್ರವರ್ತಿ ಹೋದ ಮಾತ್ರಕ್ಕೆ ಕಾರ್ಖಾನೆಯವರು ಅಚ್ಚುಹಾಕಿಸಿಟ್ಟ ಲೇಬಲ್ಲಿನ ಕಟ್ಟನ್ನು ಒಲೆಗೆ ಹಾಕಿರಲಿಕ್ಕಿಲ್ಲ.

ಇನ್ನೊಂದು ಪರೀಕ್ಷೆಯನ್ನು ಮೊದಲೇ ಮಾಡಬೇಕಿತ್ತು, ಕೊನೆಗೆ ಮಾಡಿದೆ. ಡ್ರಾಯರು ಆ ಗಿರಣಿಯದೇ ಹೌದೇ? ಲೇಬಲ್ಲು ಇರುವುದು ಡ್ರಾಯರಿನ ಮೇಲೆ, ಡ್ರಾಯರು ಕಳಚಿ ಬರುತ್ತದೆ. ಬೇರೆ ಗಿರಣಿಯ ಡ್ರಾಯರನ್ನು ತುರುಕಿದ್ದರೆ ನನ್ನ ಇಷ್ಟೂ ಸಂಶೋಧನೆ ಡ್ರಾಯರಿನ ಜಾತಕ ಮಾತ್ರ ಆಗುತ್ತಿತ್ತು. ಪೆಟ್ಟಿಗೆಯ ಮುಂಭಾಗದ ಹಲಗೆಯ ಮರದ ಗೆರೆಗಳು ಡ್ರಾಯರಿನ ಮುಖದ ಮೇಲೆ ಕಡಿಯದೆ ಮುಂದುವರಿಯುತ್ತವೆಯೇ ಎಂದು ನೋಡಿದೆ. ಮುಂದುವರಿಯುತ್ತವೆ, ಒಂದೇ ಹಲಗೆಯಿಂದ ಕೊಯ್ದದ್ದು.

ಅಟ್ಟದ ಗಿರಣಿ ಬಿಟ್ಟು ಅಡುಗೆಮನೆಯ ಡಬ್ಬಿಗೆ ಬಂದರೆ

ಇಂದಿನ ಡಬ್ಬಿಗಳಲ್ಲಿ ಕೆಲಸ ಸುಲಭ, ಬೀಳುವ ಹಳ್ಳ ಮಾತ್ರ ಅದೇ. ಮಂಡ್ಯದ ನೆಂಟರೊಬ್ಬರು ತಂದ ತೆಂಗಿನ ಹಾಲಿನ ಪುಡಿಯ ಪೊಟ್ಟಣದ ಮೇಲೆ ತಮಿಳು ಇತ್ತು, ಮನೆಯವರೆಲ್ಲ ತಮಿಳುನಾಡಿನದು ಎಂದರು. ಅದರ ಪಕ್ಕದಲ್ಲೇ ದುಂಡುದುಂಡಾದ ಸಿಂಹಳ ಅಕ್ಷರಗಳಿದ್ದವು. ತಮಿಳು, ಸಿಂಹಳ, ಇಂಗ್ಲಿಷ್ ಮೂರೂ ಕೂಡಿದರೆ ಅದು ಶ್ರೀಲಂಕಾದ ಗ್ರಾಹಕರಿಗಾಗಿ ಅಚ್ಚಾದದ್ದು. ತಮಿಳಿನ ಜೊತೆ ಮಲಯ್ ಮತ್ತು ಚೀನೀ ಇದ್ದರೆ ಸಿಂಗಪುರ ಅಥವಾ ಮಲೇಷ್ಯಾ ಕಡೆ ನೋಡಬೇಕು. ಒಂದು ಭಾಷೆ ಹೇಳದ್ದನ್ನು ಭಾಷೆಗಳ ಗುಂಪು ಹೇಳುತ್ತದೆ, ಅದೂ ಮಾರುಕಟ್ಟೆಯ ಬಗ್ಗೆ ಮಾತ್ರ.

ಬಾರ್‌ಕೋಡಿನ ಮೊದಲ ಮೂರು ಅಂಕಿಯನ್ನು ನೋಡಿ ದೇಶ ಹೇಳುವವರಿದ್ದಾರೆ: 890 ಭಾರತ, 479 ಶ್ರೀಲಂಕಾ, 955 ಮಲೇಷ್ಯಾ. ಆ ಅಂಕಿಗಳು ಕಂಪನಿ ತನ್ನ ಸಂಖ್ಯೆಯನ್ನು ಯಾವ ದೇಶದ ಸಂಸ್ಥೆಯಿಂದ ಪಡೆಯಿತು ಎಂಬುದನ್ನು ಹೇಳುತ್ತವೆ. ಮಾಲು ಇನ್ನೆಲ್ಲೋ ತಯಾರಾಗಿರಬಹುದು. ನಮ್ಮ ಅಂಗಡಿಗೆ ಕಾನೂನುಬದ್ಧವಾಗಿ ಆಮದಾದ ಪೊಟ್ಟಣವಾದರೆ ಇಷ್ಟೆಲ್ಲ ಕಸರತ್ತು ಬೇಡ. ಆಮದುದಾರನ ಹೆಸರು, ವಿಳಾಸ, ಮೂಲ ದೇಶ ಮೂರನ್ನೂ ಅದರ ಮೇಲೆ ಹಾಕಲೇಬೇಕೆಂದು ನಿಯಮವಿದೆ. ಸಾಮಾನ್ಯವಾಗಿ ಹಿಂಭಾಗದಲ್ಲಿ ಅಂಟಿಸಿದ ಬಿಳಿಯ ಚೀಟಿ ಅದು. ಮಕ್ಕಳು ಮೊದಲು ಕಿತ್ತು ಹಾಕುವುದೂ ಅದನ್ನೇ.

ಗಿರಣಿಯನ್ನು ನನಗೆ ಮಾರಿದ ಮಂಡ್ಯದ ಹುಡುಗನಿಗೆ ಫೋನ್ ಮಾಡಿ ತಿಳಿಸಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. “ನಮ್ಮ ಅಜ್ಜಿ ಅದನ್ನು ಯಾವಾಗಲೂ ಜರ್ಮನಿ ಮಿಷನ್ ಎಂದೇ ಕರೆಯುತ್ತಿದ್ದರು ಸಾರ್” ಎಂದ. ಅವರಿಗೆ ಹಾಗೆಂದು ಯಾರು ಹೇಳಿದ್ದರು ಎಂದು ಕೇಳಿದೆ. “ಲೇಬಲ್ಲು ಓದಿ ತಾತ ಹೇಳಿದ್ದರಂತೆ” ಎಂದ.

ರಿಜಿಸ್ಟರಿನಲ್ಲಿ ‘ಜರ್ಮನಿ’ಗೆ ಕೆಂಪು ಗೆರೆ ಎಳೆದು ಹೀಗೆ ಬರೆದಿದ್ದೇನೆ: ‘ಕಾಫಿ ಗಿರಣಿ. ಲೇಬಲ್ಲಿನ ಭಾಷೆ ಜರ್ಮನ್. ಕಾರ್ಖಾನೆ ಬ್ರ್ಯುನ್, ಮಾರಾಟ ಮಳಿಗೆ ವಿಯೆನ್ನಾ. ಅಂದಿನ ದೇಶ ಆಸ್ಟ್ರಿಯಾ-ಹಂಗೇರಿ, ಇಂದು ಚೆಕ್ ಗಣರಾಜ್ಯದ ಬ್ರನೊ. 1892ರಿಂದ ಸುಮಾರು 1918. ಮನೆಯವರ ನೆನಪಿನಲ್ಲಿ: ಜರ್ಮನಿ ಮಿಷನ್.’